ಓಡಿಸುವವರೆಗೆ

ಯಜಮಾನರು ತೀರಿಹೋದಾಗ ನಾನು ಅಳಲಿಲ್ಲ. ಕಡೂರಿನ ನಮ್ಮ ಮೋಟಾರ್ ರಿವೈಂಡಿಂಗ್ ಅಂಗಡಿಯ ಬಾಗಿಲು ಎಳೆದು ಬಂದು, ಮನೆಗೆ ಬಂದವರಿಗೆಲ್ಲ ಕಾಫಿ ಕೊಟ್ಟೆ. ಇವಳದು ಕಲ್ಲೆದೆ ಎಂದು ನೆಂಟರು ಆಡಿಕೊಂಡರು. ಆಡಿಕೊಳ್ಳಲಿ, ನನಗೂ ಹಾಗೇ ಅನ್ನಿಸಿತ್ತು.

ಅವರ ಫೋನಿನಲ್ಲಿ ಒಂದು ವಿಡಿಯೋ ಚಾನೆಲ್ ಉಳಿದಿತ್ತು. ಸುಟ್ಟ ಬೋರ್ ಮೋಟಾರ್ ಬಿಚ್ಚಿ ಹೊಸ ಕಾಯಿಲ್ ಸುತ್ತುವುದನ್ನು ಭಾಗ ಭಾಗವಾಗಿ ತೋರಿಸಿದ್ದರು. ನೋಡಿದವರು ಬೆರಳೆಣಿಕೆಯಷ್ಟು. ಅವರ ದನಿ ಉಳಿದಿದ್ದು ಅಲ್ಲಿ ಮಾತ್ರ, ಅದು ಯಾರ ಕಣ್ಣಿಗೂ ಬೀಳದೆ ಹೋಗಬಾರದು. ನನಗೆ ಬೇಕಿದ್ದದ್ದು ಅದೊಂದೇ.

ಅಜ್ಜಂಪುರದ ನನ್ನ ತಂಗಿ ಬ್ಲೌಸ್ ಹೊಲಿಯೋದು ಕಲಿಸುವ ಚಾನೆಲ್ ನಡೆಸುತ್ತಾಳೆ. ಬಂದವಳು ಫೋನ್ ನೋಡಿ ಹಣೆ ಚಚ್ಚಿಕೊಂಡಳು.

"ಅಕ್ಕ, ಭಾವ ಎಲ್ಲಾ ವಿಡಿಯೋ ಹೆಸ್ರನ್ನೂ 'ಶ್ರೀ ವೀರಭದ್ರಸ್ವಾಮಿ ಪ್ರಸನ್ನ' ಅಂತ್ಲೇ ಶುರು ಮಾಡವ್ರೆ ಕಣೇ. ಪ್ಲೇಲಿಸ್ಟಿಗೂ ಅದೇ ಹೆಸ್ರು. ಫೋನಲ್ಲಿ ಕಾಣೋದು ಹೆಸ್ರಿನ ಮೊದ್ಲಿನ ನಾಕು ಮಾತು ಅಷ್ಟೆ. ಹುಡುಕಿದ್ರೆ ಭಜನೆ ಮಧ್ಯ ಬತ್ತಾವೆ!"

ಬಿಲ್ ಪುಸ್ತಕದಿಂದ ಲಗ್ನಪತ್ರಿಕೆಯವರೆಗೆ ನಮ್ಮ ಮನೆಯಲ್ಲಿ ದೇವರ ಹೆಸರಿಲ್ಲದೆ ಯಾವುದೂ ಶುರುವಾಗಿಲ್ಲ. ಮೋಟಾರ್ ಸುಟ್ಟುಹೋದವನು ದೇವರನ್ನು ನೆನೆಯುತ್ತಾನೆ ನಿಜ, ಟೈಪ್ ಮಾಡುವುದು ಮಾತ್ರ ಮೋಟಾರ್ ಎಂದೇ.

"ದೇವ್ರನ್ನ ತೆಗೀಬೇಕೇನೇ?"

"ಬ್ಯಾಡ, ವಿಡಿಯೋ ಕೆಳಗಿನ ವಿವರಣೆಯ ಕೊನೇಲಿ ಕೂರ್ಸಣ. ಜನ ಹುಡುಕೋ ಮಾತು ಮುಂದೆ ಬರ್ಲಿ. ಎಲ್ಲಾ ಭಾಗಕ್ಕೂ ಒಂದೇ ಮಾತು ಇರ್ಬೇಕು, ಆಗ್ಲೇ ಜೊತೇಲಿ ಸಿಗೋದು."

ವಿಡಿಯೋ ಹಾಕಿ ಅವರ ದನಿ ಕೇಳುವ ಧೈರ್ಯ ನನಗಿರಲಿಲ್ಲ. ಹೆಸರುಗಳನ್ನಷ್ಟೇ ತಿದ್ದುತ್ತಾ ಹೋದೆ: ಬೋರ್ ಮೋಟಾರ್ ರಿವೈಂಡಿಂಗ್ ಭಾಗ 1, ಸುಟ್ಟ ಕಾಯಿಲ್ ಬಿಚ್ಚುವುದು. ಹೀಗೆ ಆರನೇ ಭಾಗದವರೆಗೆ. ಪ್ಲೇಲಿಸ್ಟಿಗೆ 'ಬೋರ್ ಮೋಟಾರ್ ರಿವೈಂಡಿಂಗ್ ಕನ್ನಡದಲ್ಲಿ' ಎಂದಿಟ್ಟೆವು. ತಂಗಿ ಅದನ್ನು ಸರಣಿ ಎಂದು ಗುರುತು ಹಾಕಿ, ಭಾಗಗಳನ್ನು ಸಾಲಾಗಿ ಜೋಡಿಸಿದಳು. ಚಾನೆಲ್ ವಿವರಣೆಯ ಮೊದಲ ಸಾಲು ನನ್ನದು: ಬೋರ್ ಮೋಟಾರ್ ಬಿಚ್ಚುವುದರಿಂದ ಹಿಡಿದು ಓಡಿಸುವವರೆಗೆ, ರಿವೈಂಡಿಂಗ್ ಪೂರ್ತಿ ಕಲಿಯಿರಿ.

"ಹುಡುಕಿದ್ರೆ ನಾಳೆನೇ ಮೇಲೆ ಬತ್ತೈತೆ ಅಂದ್ಕೋಬೇಡ" ಎಂದು ಹೇಳಿ ಅವಳು ಬಸ್ ಹತ್ತಿದಳು.

ಬಂದಿದ್ದು ಕೆಲವು ವಾರಗಳಾದ ಮೇಲೆ. ಆ ಮಾತು ಹಾಕಿ ಹುಡುಕಿದರೆ ನಮ್ಮ ಪ್ಲೇಲಿಸ್ಟ್, ಅದರ ಕೆಳಗೇ ಒಂದೊಂದು ಭಾಗ. ಖುಷಿಯಾಗಬೇಕಿತ್ತು. ಆಗಲಿಲ್ಲ. ಸರಿ ಎಂದು ಪಾತ್ರೆ ತೊಳೆಯಲು ಹೋದೆ.

ಆಮೇಲೆ ಸಖರಾಯಪಟ್ಟಣದವರೊಬ್ಬರು ವಿಡಿಯೋ ಕೆಳಗೆ ಬರೆದರು: "ಅಣ್ಣಾ, ಆರೂ ಭಾಗ ನೋಡಿ ಮೋಟಾರ್ ಕಟ್ಟಿದೀನಿ. ಓಡಿಸೋ ಭಾಗ ಸಿಕ್ತಿಲ್ಲ. ಯಾವಾಗ ಹಾಕ್ತೀರಾ?"

ನಾನು ಮೊದಲ ಸಲ ಆರನೇ ಭಾಗ ಹಾಕಿ ನೋಡಿದೆ. ಕೊನೆಯಲ್ಲಿ ಅವರು ಕೈ ಒರೆಸಿಕೊಂಡು ನನ್ನತ್ತಲೇ ನೋಡಿ, "ಇವತ್ತಿಗೆ ಸಾಕು. ನಾಳೆ ಓಡ್ಸಿ ತೋರಿಸ್ತೀನಿ" ಅಂದರು.

ವಿಡಿಯೋಗಳು ಬಿಡಿಬಿಡಿಯಾಗಿ ಚೆಲ್ಲಿಕೊಂಡಿದ್ದಾಗ ಇದು ಅರ್ಧಕ್ಕೆ ನಿಂತಿದೆ ಎಂದು ಯಾರಿಗೂ ಗೊತ್ತಾಗಿರಲಿಲ್ಲ. ನನಗೂ. ವಿವರಣೆ ತೆರೆದು 'ಓಡಿಸುವವರೆಗೆ' ಅಳಿಸಿದೆ, 'ಪೂರ್ತಿ' ಅಳಿಸಿದೆ. ಅಷ್ಟರಲ್ಲಿ ಅಳು ಬಂದು ಅಕ್ಷರಗಳೇ ಕಾಣಲಿಲ್ಲ.