ಮನೆಯೊಳಗಿನ ಮಗ್ಗ

ಟಕ್, ಟಕ್, ನಡುವೆ ಸಣ್ಣದೊಂದು ಕಿರ್. ಪಕ್ಕದ ಮನೆಯ ಗೋಡೆಯಾಚೆಯಿಂದ ಬರುವ ಆ ಕಿರ್ ಸದ್ದು ಹನುಮಂತರಾಜುವಿನ ಮಗ್ಗದ್ದು. ಎಡಗಾಲಿನ ಹಲಗೆ ಅವನಪ್ಪನ ಕಾಲದಿಂದಲೂ ಹಾಗೇ ಕಿರುಗುಟ್ಟುತ್ತಿತ್ತು. ಈಗ ಅದನ್ನು ತುಳಿಯುತ್ತಿದ್ದವನು ಪಕ್ಕದ ಮನೆಯ ದುರುಗಣ್ಣ.

"ಹೆಂಡ್ತಿ ಸೆರಗು ಹಿಡ್ಕೊಂಡು ವಿಮಾನ ಹತ್ತೋನು ಮಗ್ಗ ಬಿಚ್ಚಿಕೊಟ್ಟ," ಎನ್ನುತ್ತಿದ್ದಳು ಹನುಮಂತರಾಜುವಿನ ಅವ್ವ ರಂಗಕ್ಕ, ಯಾರು ಬಂದರೂ. "ವಿಮಾನ ಬರ್ಲಿಲ್ಲ. ಮಗ್ಗಾನೂ ಹೋತು."

ಹೆಂಡತಿ ಸುನಿತಾ ನರ್ಸು. ಎರಡು ವರ್ಷದ ಹಿಂದೆ, ೨೦೦೧ರಲ್ಲಿ, ಐರ್ಲೆಂಡಿನ ಆಸ್ಪತ್ರೆಯೊಂದಕ್ಕೆ ಹೋದಳು. ಮಗಳು ಗೌರಿಗೆ ಆಗ ಮೂರು ವರ್ಷ. ಗಂಡ, ಮಗಳು ಇಬ್ಬರೂ ಬಂದು ಜೊತೆಗಿರಬಹುದು ಎಂದು ಅವಳು ಅಲ್ಲಿಂದ ಕಾಗದಗಳನ್ನು ಕಳಿಸಿದ್ದಳು. ಒಂದೇ ಷರತ್ತು: ಗಂಡ ಅಲ್ಲಿ ಕೆಲಸ ಮಾಡುವಂತಿಲ್ಲ.

ಅವರ ಊರು ಮೊಳಕಾಲ್ಮೂರಿನಲ್ಲಿ ಕೆಲಸವೆಂದರೆ ಚಪ್ಪಲಿ ಮೆಟ್ಟಿಕೊಂಡು ಹೋಗುವಂಥದ್ದು. ಮಗ್ಗಕ್ಕೆ ಚಪ್ಪಲಿ ಬಿಟ್ಟು ಕೂರಬೇಕು. ಅದು ಮನೆಯೊಳಗಿನದು, ಒಲೆಯ ಹಾಗೆ, ದೇವರ ಗೂಡಿನ ಹಾಗೆ. ಆದ್ದರಿಂದ ಚಳ್ಳಕೆರೆಯ ಬಸ್ ನಿಲ್ದಾಣದ ಎದುರು ಟೈಪಿಂಗ್ ಶಾಲೆಯನ್ನೂ ಎಸ್‌ಟಿಡಿ ಬೂತನ್ನೂ ಇಟ್ಟುಕೊಂಡಿದ್ದ ಓಂಕಾರಮೂರ್ತಿ ಮೇಷ್ಟ್ರು ವೀಸಾದ ಅರ್ಜಿಗೆ ಪತ್ರ ಟೈಪು ಮಾಡುವಾಗ, ಹನುಮಂತರಾಜು ಮನಸ್ಸಿಟ್ಟು ಹೇಳಿ ಬರೆಸಿದ್ದ. ನಾನು ಅಲ್ಲಿ ಯಾವ ಕೆಲಸಕ್ಕೂ ಹೋಗುವುದಿಲ್ಲ. ಮನೆಯಲ್ಲೇ ಕೂತು ರೇಷ್ಮೆ ಸೀರೆ ನೇಯ್ದು, ಅಲ್ಲಿರುವ ನಮ್ಮ ದೇಶದವರಿಗೆ ಮಾರಿಕೊಂಡು, ಹೆಂಡತಿಗೆ ಭಾರವಾಗದೆ ಇರುತ್ತೇನೆ.

"ಇದನ್ನ ಬರೀಬೇಕೇನೋ?" ಮೇಷ್ಟ್ರು ಬೆರಳು ನಿಲ್ಲಿಸಿ ಕೇಳಿದ್ದರು.

"ಬರೀರಿ ಮೇಷ್ಟ್ರೇ. ಸುಮ್ನೆ ಕೂತು ತಿನ್ನೋನು ಅಂದ್ಕೊಂಡಾರು."

ವೀಸಾ ಬಂದೇ ಬರುತ್ತದೆಂದು ಅವನು ಮಗ್ಗ ಬಿಚ್ಚಿ ದುರುಗಣ್ಣನಿಗೆ ಕೊಟ್ಟ. ಮಗ್ಗದಡಿ ಕಾಲು ಇಳಿಬಿಡುವ ಕುಣಿಗೆ ಮಣ್ಣು ತುಂಬಿ, ಸಾರಿಸಿ, ನೂಲು ಹಾಯಿಸುವ ಲಾಳಿಯೊಂದನ್ನು ಮಾತ್ರ ಪೆಟ್ಟಿಗೆಯ ತಳದಲ್ಲಿಟ್ಟ. ಎರಡು ತಿಂಗಳಿಗೆ ದೆಹಲಿಯ ರಾಯಭಾರ ಕಚೇರಿಯಿಂದ ಉತ್ತರ ಬಂತು. ಅರ್ಜಿದಾರನು ಅಲ್ಲಿ ವ್ಯಾಪಾರ ನಡೆಸುವ ಉದ್ದೇಶವನ್ನು ತಾನೇ ತಿಳಿಸಿದ್ದಾನೆ, ವೀಸಾ ಇಲ್ಲ. ಎರಡು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ಮಗಳ ಅರ್ಜಿ ಬೇರೆ ಇತ್ತು. ಅದಕ್ಕೆ ಅಪ್ಪನ ಒಪ್ಪಿಗೆ ಪತ್ರವೊಂದು ಬಾಕಿ ಎಂದಷ್ಟೇ ಬರೆದಿದ್ದರು.

ಸುನಿತಾ ಫೋನು ಮಾಡುವ ದಿನ ಅವನು ಚಳ್ಳಕೆರೆಗೆ ಬಂದ. ಮೇಷ್ಟ್ರು ಮೇಲ್ಮನವಿಯ ಕರಡನ್ನು ಕನ್ನಡದಲ್ಲಿ ಓದಿ ಹೇಳಿದರು. "ನಾನು ನೌಕರಿ, ವ್ಯಾಪಾರ, ಕಸುಬು, ಯಾವುದನ್ನೂ ಮಾಡುವುದಿಲ್ಲ. ಮಗ್ಗ ಮುಟ್ಟುವುದಿಲ್ಲ. ಹೆಂಡತಿಯ ದುಡಿಮೆಯಲ್ಲೇ ಇರುತ್ತೇನೆ. ಸಾಕಾ? ಇದಕ್ಕಿಂತ ಮೆತ್ತಗೆ ಆಗಲ್ಲಪ್ಪ."

"ಸಾಕು. ಸಹಿ ಹಾಕ್ತೀನಿ."

ಆಗಲೇ ಫೋನು ಬಂತು.

"ರೀ, ಮೇಲ್ಮನವಿ ಬ್ಯಾಡ," ಎಂದಳು ಸುನಿತಾ.

"ಯಾಕೆ? ಬರೆಸೈತೆ ಕಣೇ. ಏನೂ ಮಾಡಲ್ಲ ಅಂತ ಬರೆಸೀನಿ."

"ಅದಕ್ಕೇ ಬ್ಯಾಡ. ನನ್ ಜೊತೆ ಡ್ಯೂಟಿ ಮಾಡೋ ಲಕ್ಷ್ಮೀದೇವಿ ಗಂಡ ಇಲ್ಲಿಗೆ ಬಂದು ಒಂದೂವರೆ ವರ್ಷ ಆತು. ಕಿಟಕಿ ಹತ್ರ ಕೂತಿರ್ತಾನೆ. ಅವಳು ಡ್ಯೂಟಿ ಮುಗಿಸ್ಕೊಂಡು ಬಂದ್ರೆ ಅವಳ ಮ್ಯಾಲೇ ಹಾರಾಡ್ತಾನೆ. ನನ್ ಕೈಲಿ ಆಗಲ್ಲ."

"ನಾನು ಹಂಗ್ ಮಾಡ್ತೀನೇನೆ?"

"ಮಾಡ್ತೀರಿ. ಮಗ್ಗ ಇಲ್ದಿದ್ರೆ ನೀವು ಹೆಂಗಿರ್ತೀರ ಅಂತ ನಂಗೊತ್ತಿಲ್ವಾ? ಅತ್ತೆ ಹೇಳಿದ್ರು, ಈಗ್ಲೇ ಅನ್ನಕ್ಕೆ ಉಪ್ಪು ಜಾಸ್ತಿ ಅಂತ ತಟ್ಟೆ ಎಸೀತೀರಂತೆ."

ಅದು ನಿಜವಾಗಿತ್ತು.

"ಏನಾರ ಓದಬೋದಂತಲ್ಲ ಅಲ್ಲಿ," ಎಂದ.

ಅವಳು ನಕ್ಕಳು. ಬೇಕೆಂದು ನಕ್ಕದ್ದಲ್ಲ, ತಡೆಯಲಾಗಲಿಲ್ಲ. "ಓದೋಕೆ ಬಿಡ್ತಾರ್‍ರೀ. ಎಂಟನೇ ಕ್ಲಾಸ್ನೋರು ಇಲ್ಲಿ ಬಂದು ಏನೋದ್ತೀರ? ಲಕ್ಷ್ಮೀದೇವಿ ರಜಕ್ಕೆ ಊರಿಗೆ ಬರ್ತವಳೆ. ಗೌರೀನ ಅವಳ ಜೊತೆ ಕಳ್ಸಿ. ಒಪ್ಪಿಗೆ ಪತ್ರ ಮಾಡಿಕೊಡಿ ಅಂತ ಮೇಷ್ಟ್ರಿಗೆ ನಾನೇ ಹೇಳೀನಿ."

ಮೇಷ್ಟ್ರು ತಲೆ ಎತ್ತದೆ ಡ್ರಾಯರಿನಿಂದ ಇನ್ನೊಂದು ಹಾಳೆ ತೆಗೆದಿಟ್ಟರು. ಅದು ಆಗಲೇ ಟೈಪಾಗಿತ್ತು.

ಮರುವರ್ಷ ಆ ದೇಶದಲ್ಲಿ ನರ್ಸುಗಳ ಗಂಡಂದಿರಿಗೆ ಕೆಲಸದ ಪರವಾನಗಿ ಸಿಗುವುದು ಸುಲಭವಾಯಿತು. ಹನುಮಂತರಾಜುವಿಗೆ ಅದನ್ನು ಯಾರೂ ಹೇಳಲಿಲ್ಲ. ಸದ್ಯ ಅವನಿಗೆ ಕಂಡದ್ದು ಹಾಳೆಯ ತಳದ ಖಾಲಿ ಗೆರೆ. ಮಗು ತಾಯಿಯ ಹತ್ತಿರ ಇರಬೇಕಾದ್ದೇ. ಭುಜಕ್ಕೂ ಕಿವಿಗೂ ನಡುವೆ ರಿಸೀವರ್ ಒತ್ತಿ ಹಿಡಿದು ಸಹಿ ಹಾಕಿದ.

"ಆತಾ?" ಅವಳ ದನಿ ಹಗುರವಾಯಿತು. "ಇಲ್ಲಿ ಚಳಿ ಐತ್ರೀ. ಬೂಟ್ಸು ತಂದಿಡ್ತೀನಿ. ಅವಳ ಪಾದ ಈಗ ಎಷ್ಟುದ್ದ ಆಗೈತೆ? ನೂಲಲ್ಲಿ ಅಳತೆ ತಗೊಂಡು..."

ಅವನು ರಿಸೀವರನ್ನು ಮೇಜಿನ ಮೇಲೆ ಮೆಲ್ಲಗೆ ಮಲಗಿಸಿದ.

"ಏಯ್, ಲೈನಲ್ಲಿದಾಳೆ ಕಣೋ!" ಎಂದರು ಮೇಷ್ಟ್ರು.

ಹನುಮಂತರಾಜು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು, ಕೆಲಸಕ್ಕೆ ಹೊರಟವನಂತೆ ರಸ್ತೆಗಿಳಿದು ನಡೆದ.