ರಿಲೀವರ್ ಬರಲಿಲ್ಲ

ದಾಂಡೇಲಿಯ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಬಾಯ್ಲರ್ ನೋಡಿಕೊಳ್ಳುತ್ತಿದ್ದೆ. ಮುಂದಿನ ಪಾಳಿಯ ರಿಲೀವರ್ ಬರುವವರೆಗೆ ಬಾಯ್ಲರ್ ಬಿಟ್ಟು ಹೋಗುವಂತಿರಲಿಲ್ಲ. ಒಂದು ದಿನ ಎರಡು ಗಂಟೆಗೆ ಬರಬೇಕಿದ್ದ ಗೆಳೆಯ ಬರಲಿಲ್ಲ. ಹಸಿದ ಹೊಟ್ಟೆಯಲ್ಲಿ ಅವನ ವಂಶವನ್ನೆಲ್ಲ ಬೈಯುತ್ತ ಸಂಜೆ ಆರರವರೆಗೆ ಕೂತೆ. ಆಮೇಲೆ ಬೇರೊಬ್ಬನನ್ನು ಕರೆತಂದ ಸೂಪರ್‌ವೈಸರ್ ಹೇಳಿದರು: ಹಳಿಯಾಳ ರಸ್ತೆಯಲ್ಲಿ ಅವನ ಬೈಕಿಗೆ ಲಾರಿ ಬಡಿದಿತ್ತು. ಮಧ್ಯಾಹ್ನವೇ ಹೋಗಿಬಿಟ್ಟಿದ್ದ.

ಆ ತಿಂಗಳ ಪಗಾರ ಬಂದಾಗ ನನ್ನ ನಾಲ್ಕು ತಾಸಿನ ಓವರ್‌ಟೈಮ್ ಅದರಲ್ಲಿ ಇರಲಿಲ್ಲ.

“ಪೇರೋಲ್‌ನವರಿಗೆ ಮೇಲ್ ಹಾಕ್ರಿ. ಕಾರಣ ಬರೀರಿ, ಇಲ್ಲಂದ್ರ ಅವರು ಒಪ್ಪೂದಿಲ್ಲ,” ಎಂದರು ಸೂಪರ್‌ವೈಸರ್.

ನನ್ನ ನಂಬರು, ತಾರೀಖು, ಬೆಳಿಗ್ಗೆ ಆರರಿಂದ ಸಂಜೆ ಆರು ಎಂದು ಬರೆದೆ. ಲಾಗ್‌ಬುಕ್ಕಿನ ಪುಟದ ಫೋಟೊ ಸೇರಿಸಿದೆ. ಕಾರಣ: ರಿಲೀವರ್ ಬರಲಿಲ್ಲ. ಆ ಎರಡು ಶಬ್ದ ಬರೆಯಲು ಅರ್ಧ ತಾಸು ಹಿಡಿಯಿತು.

ಎರಡು ದಿನಕ್ಕೆ ಉತ್ತರ ಬಂತು. ನನ್ನ ಬಾಕಿ ಮುಂದಿನ ಪಗಾರದ ಜೊತೆ ಬರುತ್ತದೆ. ಆ ದಿನ ಬೆರಳೊತ್ತುವ ಹಾಜರಿ ಮಷಿನ್ ಕೆಟ್ಟಿದ್ದರಿಂದ ಪಾಳಿಪಟ್ಟಿ ನೋಡಿಯೇ ಹಾಜರಿ ಹಾಕಿದ್ದರಂತೆ. ಗೆಳೆಯನಿಗೂ ಹಾಜರಿ ಬಿದ್ದಿತ್ತು. “ತಪ್ಪು ಗಮನಕ್ಕೆ ತಂದಿದ್ದಕ್ಕೆ ಧನ್ಯವಾದ. ಅವರ ಅಂತಿಮ ಲೆಕ್ಕದಲ್ಲಿ ಆ ದಿನದ ವೇತನ ಕಡಿತಗೊಳಿಸಲಾಗುವುದು.”

ಅಂತಿಮ ಲೆಕ್ಕದ ಹಣ ಅವನ ಹೆಂಡತಿಯ ಕೈಗೆ ಹೋಗಬೇಕಿತ್ತು. ನನ್ನ ಓವರ್‌ಟೈಮ್ ಬೇಡ, ಅವನ ಹಾಜರಿ ಹಾಗೇ ಬಿಟ್ಟುಬಿಡಿ ಎಂದು ಮತ್ತೆ ಮೇಲ್ ಹಾಕಿದೆ. ಅದಕ್ಕೆ ಉತ್ತರ ಬರಲಿಲ್ಲ, ಹಣ ಬಂತು.

ಸತ್ತ ಮೇಲೂ ಅವನು ಒಂದು ಪಾಳಿ ಹಾಜರಿದ್ದ. ಗೈರುಹಾಜರು ಮಾಡಿದವನು ನಾನು.