ಅವ್ವನಿಲ್ಲದ ಪರಿಚಯ

ನನ್ನ ಅಡುಗೆ ವೀಡಿಯೋಗಳ ಪೇಜಿಗೆ ಹೊಸದಾಗಿ ಬಂದವರು ಮೊದಲು ಓದುತ್ತಿದ್ದುದು ಮೇಲೆ ಪಿನ್ ಮಾಡಿಟ್ಟ ಪರಿಚಯದ ಪೋಸ್ಟನ್ನು. "ನಮಸ್ಕಾರ, ನಾನು, ನನ್ನವ್ವ. ನಮ್ಮದು ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ. ಪ್ರತಿ ಭಾನುವಾರ ಅವ್ವನ ಕೈಯಡುಗೆ ನೋಡಲು ಬನ್ನಿ. ಅವ್ವ ಅಳತೆ ಹೇಳುವುದಿಲ್ಲ, ನೋಡಿಯೇ ಕಲಿಯಬೇಕು." ಅಷ್ಟೇ ಇದ್ದದ್ದು. ಕೆಳಗೆ ಅವ್ವ ಒಲೆ ಮುಂದೆ ಕೂತು ಮಸ್ಸೊಪ್ಪು ಮಸೆಯುವ ಫೋಟೋ. ದೂರದೂರಿನ ಹೆಣ್ಣುಮಕ್ಕಳು ಅದರ ಕೆಳಗೆ "ಅಜ್ಜಿಗೆ ನಮಸ್ಕಾರ", "ನಮ್ಮಜ್ಜಿ ನೆನಪಾದರು" ಎಂದೆಲ್ಲ ಬರೆಯುತ್ತಿದ್ದರು. ಅವನ್ನು ಓದಿ ಹೇಳಿದರೆ ಅವ್ವ, "ಯಾರ ಮಕ್ಕಳೋ ಏನೋ, ಚೆನ್ನಾಗಿರ್ಲಿ ಬುಡು" ಅನ್ನುತ್ತಿದ್ದಳು. ಆದರೂ ಮರುದಿನ, "ಇವತ್ತು ಯಾರೂ ಏನೂ ಬರ್ದಿಲ್ವಾ?" ಎಂದು ಅವಳೇ ಕೇಳುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆಗೇ ಇದ್ದಳು. ತಂಗಿಯನ್ನು ಕೊಟ್ಟದ್ದು ಪಿರಿಯಾಪಟ್ಟಣದ ಹತ್ತಿರ, ಕಂಪಲಾಪುರಕ್ಕೆ. ಅವಳ ಮಗಳಿಗೆ ಹೆರಿಗೆಯಾದಾಗ ಬಾಣಂತನಕ್ಕೆಂದು ಅವ್ವನನ್ನು ಕರೆದುಕೊಂಡು ಹೋದಳು. ನಾನೇ ಮೆಣಸು, ಬೆಳ್ಳುಳ್ಳಿ, ಹಳೇ ಸೀರೆ ಎಲ್ಲ ಗಂಟು ಕಟ್ಟಿ ಬಸ್ ಹತ್ತಿಸಿದೆ. ಮಗುವಿಗೆ ಮೂರು ತಿಂಗಳು ತುಂಬಿತು. ಅವ್ವ ಬರಲಿಲ್ಲ. ಫೋನ್ ಮಾಡಿದಾಗಲೆಲ್ಲ, "ಇನ್ನೊಂದ್ ವಾರ ಕಣವ್ವ" ಅನ್ನುತ್ತಿದ್ದಳು.

ಅಷ್ಟರಲ್ಲಿ ಒಬ್ಬಾಕೆ ನನ್ನ ಪೋಸ್ಟಿನ ಕೆಳಗೆ ಹೀಗೆ ಬರೆದಳು: "ಮೇಡಂ, ಬೇರೆಯವರ ಅಜ್ಜಿ ಫೋಟೋ ಹಾಕ್ಕೊಂಡು ಹೀಗೆ ಮಾಡೋದು ಸರೀನಾ?" ಜೊತೆಗೊಂದು ಲಿಂಕ್. ಒತ್ತಿದರೆ ತಂಗಿಯ ಹೊಸ ಪೇಜು. ಮೇಲೆ ಪಿನ್ ಮಾಡಿದ ಪೋಸ್ಟನ್ನು ಎರಡೆರಡು ಸಲ ಓದಿದೆ. "ನಮಸ್ಕಾರ, ನಾನು, ನನ್ನವ್ವ. ನಮ್ಮದು ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರ. ಪ್ರತಿ ಭಾನುವಾರ ಅವ್ವನ ಕೈಯಡುಗೆ ನೋಡಲು ಬನ್ನಿ." ಊರೊಂದು ಬಿಟ್ಟು ಮಿಕ್ಕಿದ್ದೆಲ್ಲ ನಾನು ಬರೆದದ್ದೇ. ಅಳತೆಯ ಮಾತೂ ಇತ್ತು. ಕೆಳಗಿನ ವೀಡಿಯೋದಲ್ಲಿ ಅವ್ವ ಹೊಸ ಸೀರೆ ಉಟ್ಟು, ತಲೆ ಬಾಚಿಸಿಕೊಂಡು, ಹುರುಳಿ ಕಟ್ಟಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಬಾಣಂತಿಯ ಮನೆಯಲ್ಲಿ ವೀಡಿಯೋ ತೆಗೆಯಲು ಅವರಿಗೆ ಹೊತ್ತು ಸಿಕ್ಕಿತ್ತು.

ತಂಗಿಗೆ ಫೋನ್ ಮಾಡಿದೆ.

"ನನ್ನ ಮಾತನ್ನೇ ಎತ್ತಾಕ್ಕೊಂಡಿದೀಯಲ್ಲೇ?"

"ಅಯ್ಯೋ ಅಕ್ಕ, ನಾಕು ಸಾಲಿಗೆ ಇಷ್ಟೊಂದಾ? ನೀನ್ ಚೆನ್ನಾಗಿ ಬರ್ದಿದ್ದೆ, ಅದ್ಕೆ ಹಾಕ್ಕೊಂಡೆ. ಅವ್ವ ನಿಂಗೊಬ್ಳಿಗೇ ಏನು?"

ಅವ್ವನಿಗೆ ಕೊಡು ಎಂದೆ. ಅವ್ವ ಫೋನ್ ತಗೊಂಡು, "ಇಬ್ರೂ ನನ್ನ ಮಕ್ಕಳೇ ಅಲ್ವೇನವ್ವ. ಇಲ್ಲಿ ಲೈಟ್ ಹಾಕಿ ಚೆಂದಾಗಿ ತೆಗೀತಾರೆ ಕಣಮ್ಮಿ. ಕೂತಲ್ಲೇ ಎಲ್ಲ ತಂದ್ಕೊಡ್ತಾರೆ. ಇಲ್ಲೇ ಇರ್ತೀನಿ ಬುಡು ಸ್ವಲ್ಪ ದಿನ" ಎಂದಳು.

ಅವಳ ದನಿಯಲ್ಲಿ ಅಳುಕಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿದ್ದು.

ಆಮೇಲೆ ನನ್ನ ಪೇಜಿಗೆ ಬಂದವರು ಪಿನ್ ಮಾಡಿದ್ದನ್ನು ಓದಿ, "ಭಾನುವಾರ ಅವ್ವನ ಅಡುಗೆ ಎಲ್ಲಿ?" ಎಂದು ಕೇಳುತ್ತಿದ್ದರು. ಕೆಲವರು, "ಅಜ್ಜಿ ಇದ್ದಾರೆ ತಾನೇ?" ಎಂದು ಹೆದರಿ ಕೇಳಿದರು. ಪ್ರತಿಯೊಬ್ಬರಿಗೂ "ಚೆನ್ನಾಗಿದ್ದಾರೆ, ಊರಿಗೆ ಹೋಗಿದ್ದಾರೆ" ಎಂದು ಬರೆದು ಬರೆದು ಸಾಕಾಯಿತು. ಇಲ್ಲದ ಅಡುಗೆಗೆ ನಾನೇ ಬಾಗಿಲಲ್ಲಿ ನಿಂತು ಕರೆಯುತ್ತಿದ್ದ ಹಾಗಿತ್ತು. ಆ ಪೋಸ್ಟನ್ನು ಬದಲಾಯಿಸದೆ ಗತಿಯಿರಲಿಲ್ಲ.

ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮನೆಯ ಮುಂದೆ ಕೂತು ಬರೆಯತೊಡಗಿದೆ. ಗಂಡ ಬೆಂಕಿಗೆ ಸೌದೆ ತಳ್ಳುತ್ತಿದ್ದರು. ಬರೆದು ಬರೆದು ಉದ್ದವಾಯಿತು. ಈ ಪೇಜನ್ನು ಮೊದಲು ಶುರು ಮಾಡಿದವಳು ನಾನು, ಬೇರೆ ಕಡೆ ಕಾಣುವುದು ನಕಲು, ರಕ್ತ ಹಂಚಿಕೊಂಡವರೇ ಹೀಗೆ ಮಾಡಿದರೆ ಯಾರಿಗೆ ಹೇಳಲಿ, ಇನ್ನೂ ಏನೇನೋ. ಬರೆಯುವಾಗ ಹಿತವಾಗಿತ್ತು. ಮುಗಿಸಿ ಅವರ ಕೈಗೆ ಕೊಟ್ಟು, "ನಮ್ಮನ್ನ ಕಂಡೇ ಇಲ್ದೋರು ಓದ್ದಂಗೆ ಓದಿ" ಎಂದೆ.

ಅವರು ನಿಧಾನವಾಗಿ ಓದಿದರು. ಮತ್ತೆ ಮೇಲಿನಿಂದ ಓದಿದರು.

"ಇದ್ನ ಓದುದ್ರೆ ನಿನ್ ತಂಗಿ ಎಂಥೋಳು ಅಂತ ಗೊತ್ತಾಯ್ತದೆ ಕಣಮ್ಮಿ. ನೀನ್ಯಾರು ಅಂತ ಗೊತ್ತಾಗಕಿಲ್ಲ."

ನನಗೆ ಸಿಟ್ಟು ಬಂತು. "ನೀವೂ ಅವಳ ಕಡೇನಾ?" ಎಂದೆ. ಅವರು ಬೆಂಕಿಗೆ ಇನ್ನೊಂದು ಸೌದೆ ತಳ್ಳಿದರು.

ಅವರು ಹೇಳಿದ್ದು ಸರಿಯಾಗಿತ್ತು. ಎಲ್ಲ ಅಳಿಸಿದೆ. ಖಾಲಿ ಜಾಗ ನೋಡುತ್ತ ಕೂತೆ. ಅವ್ವನನ್ನು ತೆಗೆದರೆ ನನ್ನ ಬಗ್ಗೆ ಹೇಳಲು ಏನಿದೆ ಎಂದು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಇಷ್ಟು ದಿನ ಫೋನ್ ಹಿಡಿದ ಕೈಯೊಂದೇ ನಾನು. ವೀಡಿಯೋದಲ್ಲಿ ನನ್ನ ಮುಖ ಯಾರೂ ನೋಡಿರಲಿಲ್ಲ.

ಕೊನೆಗೆ ಹೀಗೆ ಬರೆದೆ:

"ನಮಸ್ಕಾರ. ನಾನು ಕಟ್ಟೆಮಳಲವಾಡಿಯ ರೈತ ಮಹಿಳೆ. ಹೊಗೆಸೊಪ್ಪು, ರಾಗಿ, ಅವರೆ ಬೆಳೆಯುತ್ತೇವೆ. ಹೊಲದಲ್ಲಿ, ಹಿತ್ತಲಲ್ಲಿ ಸಿಕ್ಕಿದ್ದನ್ನು ನಾನು ಅಡುಗೆ ಮಾಡಿ ಇಲ್ಲಿ ತೋರಿಸುತ್ತೇನೆ. ವಾರಕ್ಕೊಂದು ಎಂದು ಮಾತು ಕೊಡಲಾರೆ. ಬ್ಯಾರನ್‌ಗೆ ಬೆಂಕಿ ಹಾಕಿದ ತಿಂಗಳುಗಳಲ್ಲಿ ಏನೂ ಬರದೇ ಇರಬಹುದು. ಅವರೆಕಾಯಿ ಕಾಲದಲ್ಲಿ ಹೆಚ್ಚು ಬರುತ್ತದೆ. ಅಳತೆ ಹೇಳುತ್ತೇನೆ. ಕೆಟ್ಟ ಅಡುಗೆಯನ್ನೂ ತೋರಿಸುತ್ತೇನೆ. ಸಾರಿನ ಪುಡಿ ಮಾರುವುದಿಲ್ಲ, ದಯವಿಟ್ಟು ಕೇಳಬೇಡಿ. ಮೊದಲಿನ ವೀಡಿಯೋಗಳಲ್ಲಿ ಇರುವವರು ನನ್ನ ತಾಯಿ. ಅವರು ಈಗ ಈ ಪೇಜಿನಲ್ಲಿ ಅಡುಗೆ ಮಾಡುವುದಿಲ್ಲ. ಆರೋಗ್ಯವಾಗಿದ್ದಾರೆ."

ಹಳೇ ಪೋಸ್ಟನ್ನೇ ತಿದ್ದಬಹುದಿತ್ತು. ತಿದ್ದಿದರೆ ಅವ್ವನಿಗೆ ಬಂದ ನಮಸ್ಕಾರಗಳೆಲ್ಲ ಅವ್ವನಿಲ್ಲದ ಮಾತಿನ ಕೆಳಗೆ ನೇತಾಡುತ್ತಿದ್ದವು. ತಿದ್ದುವ ಮೊದಲು ಏನಿತ್ತು ಅಂತ ಒತ್ತಿ ನೋಡುವವರೂ ಇರುತ್ತಾರೆ. ಅದಕ್ಕೇ ಹೊಸ ಪೋಸ್ಟ್ ಹಾಕಿ ಅದನ್ನು ಪಿನ್ ಮಾಡಿದೆ, ಹಳೆಯದರ ಪಿನ್ ತೆಗೆದೆ. ಅವ್ವ ಅಳಿಸಿಹೋಗಲಿಲ್ಲ, ತನ್ನ ಹಳೇ ತಾರೀಖಿಗೆ, ಕೆಳಕ್ಕೆ ಇಳಿದುಹೋದಳು. ಫೋಟೋಗೆ ನನ್ನದೇ ಮುಖ ಹಾಕಿದೆ. ಗಂಡ ತೆಗೆದದ್ದು. ನಗು ಬಂದಿರಲಿಲ್ಲ.

ಬಹಳ ಜನ ಪೇಜು ಬಿಟ್ಟುಹೋದರು. "ಅಜ್ಜಿ ಇಲ್ಲ ಅಂದ್ರೆ ನಮಗೇನು ಕೆಲಸ" ಎಂದು ಹೇಳಿಯೇ ಹೋದವರೂ ಇದ್ದರು. ಹೊಸದಾಗಿ ಬಂದವರು ಮಾತ್ರ ಅವ್ವನನ್ನು ಕೇಳುವುದು ನಿಲ್ಲಿಸಿದರು. ಯಾರೋ ಕೆ.ಆರ್. ನಗರದ ಕಡೆಯವಳು, "ಕೆಟ್ಟ ಅಡುಗೆ ಮೊದಲು ಹಾಕಿ ಅಕ್ಕ" ಎಂದು ಬರೆದಳು. ಹಿತಕಿದ ಬೇಳೆ ತಳ ಹತ್ತಿಸಿಕೊಂಡದ್ದನ್ನು ಹಾಕಿದೆ.

ಸಂಕ್ರಾಂತಿಗೆ ತಂಗಿ ಅವ್ವನನ್ನು ಕರೆದುಕೊಂಡು ಬಂದಳು. ತಂಗಿ ಒಳಗೆ ಬರದೆ ಜಗಲಿಯಲ್ಲೇ ಕೂತು ಫೋನ್ ನೋಡುತ್ತಿದ್ದಳು. ಅವ್ವ ಸೀದಾ ಅಡುಗೆಮನೆಗೆ ಬಂದಳು.

"ನನ್ನ ತೆಗ್ದಾಕ್ಬುಟ್ಯಂತೆ? ಇವ್ಳು ಓದಿ ಹೇಳುದ್ಲು."

"ತೆಗ್ದಿಲ್ಲ ಕಣವ್ವ. ಕೆಳಗದೆ."

"ಕೆಳಗೆ ಇದ್ರೆ ಯಾರ್ ನೋಡಾರು?"

ಅವಳು ಒಲೆಯ ಮುಂದೆ ಕೂತು ನಾನಿಟ್ಟಿದ್ದ ಅವರೆಕಾಳಿನ ಸಾರಿಗೆ ಕೈ ಹಾಕಿದಳು. ಉಪ್ಪು ನೋಡಿದಳು, ಸ್ವಲ್ಪ ಹುಳಿ ಬಿಟ್ಟಳು. ಸೆರಗು ಸರಿಮಾಡಿಕೊಂಡಳು. ಕೂದಲು ಹಿಂದಕ್ಕೆ ಒತ್ತಿಕೊಂಡು ನನ್ನ ಕಡೆ ತಿರುಗಿ, ಸೌಟು ಹಿಡಿದ ಕೈಯನ್ನು ಪಾತ್ರೆಯ ಮೇಲೆ ಹಾಗೇ ನಿಲ್ಲಿಸಿದಳು.

"ವೀಡಿಯೋ ತೆಗಿಯಲ್ವಾ?"

"ಇಲ್ಲ ಕಣವ್ವ."

ಅವಳು ಸೌಟನ್ನು ಪಾತ್ರೆಗೆ ಒರಗಿಸಿ ಎದ್ದು ಜಗಲಿಗೆ ಹೋದಳು. ನಾನು ಎಲ್ಲರಿಗೂ ತಟ್ಟೆ ಹಾಕಿದೆ. ಸಾರು ಚೆನ್ನಾಗಿತ್ತು, ಅವ್ವ ಮಾಡಿದ ಹಾಗೇ ಇತ್ತು. ಸಂಜೆಯ ಬಸ್ಸಿಗೆ ಇಬ್ಬರೂ ಕಂಪಲಾಪುರಕ್ಕೆ ಹೊರಟುಹೋದರು.